ಅಪ್ಪನ ಹೆಸರಿನ ಬೋರ್ಡನ್ನು ಬದಲಿಸುವುದು ಹೇಗೆ?

ಪೈಪು, ನಲ್ಲಿಗಳ ಸಗಟು ವ್ಯಾಪಾರ ಮಾಡುವ ಒಂದು ಸಂಸ್ಥೆ ಇದೆ ಎಂದುಕೊಳ್ಳಿ. ಬೋರ್ಡಿನ ಮೇಲೆ ಅಪ್ಪನ ಪೂರ್ತಿ ಹೆಸರು, ಕೊನೆಗೆ ‘ಅಂಡ್ ಸನ್ಸ್’. ಈಗ ವ್ಯಾಪಾರ ನಡೆಸುತ್ತಿರುವವರು ಮಗಳು ಮತ್ತು ಮಗ. ಹೆಸರು ಉದ್ದವಾಯಿತು, ಮಗಳಿಗಂತೂ ಅದರಲ್ಲಿ ಜಾಗವೇ ಇಲ್ಲ. ಬದಲಿಸೋಣ ಅನ್ನಿಸುವುದು ಸಹಜ. ಆದರೆ ಸರಕು ಉದ್ರಿ ಸಿಗುತ್ತಿರುವುದು ಆ ಹೆಸರಿನ ಮೇಲೇ ಅಲ್ವಾ?

ಡಿಸೈನರ್ ಹತ್ತಿರ ಹೋಗುವ ಮೊದಲು 20 ಹಳೆಯ ಗಿರಾಕಿಗಳನ್ನು ಒಂದೇ ಪ್ರಶ್ನೆ ಕೇಳಿ: ‘ನಮ್ಮ ನಂಬರನ್ನು ಫೋನಿನಲ್ಲಿ ಏನೆಂದು ಸೇವ್ ಮಾಡಿದ್ದೀರಿ?’ ಅವರಲ್ಲಿ 14 ಜನ ಅಪ್ಪನ ಹೆಸರಿನ ಮೊದಲಕ್ಷರಗಳಾದ ‘ಎಸ್‌ಕೆ’ ಎಂದರೆ ಹೊಸ ಹೆಸರು ಸಿಕ್ಕಿತು. ಜಾಸ್ತಿ ಜನ ಅಪ್ಪನ ಹೆಸರನ್ನೇ ಹೇಳಿದರೆ ಹೆಸರನ್ನು ಮುಟ್ಟಬೇಡಿ. ಅಕ್ಷರ, ಬಣ್ಣ ಬದಲಿಸಿದರೆ ಸಾಕು. ಜಪಾನಿನ ಮತ್ಸುಶಿತಾ ಕಂಪನಿ 2008ರಲ್ಲಿ ಸ್ಥಾಪಕರ ಹೆಸರು ಬಿಟ್ಟು ಪ್ಯಾನಾಸೋನಿಕ್ ಆಯಿತು. ಆದರೆ ಆ ಹೆಸರು 1955ರಿಂದಲೇ ಅದರ ಸರಕುಗಳ ಮೇಲಿತ್ತು. ಜನರ ಬಾಯಲ್ಲಿ ಮೊದಲೇ ಇದ್ದ ಹೆಸರು ಅದು.

ಎರಡೇ ಅಕ್ಷರದ ಹೆಸರಿಗೆ ಒಂದು ತೊಂದರೆ ಇದೆ. ಅದನ್ನೇ ಬಳಸುವವರು ಬೇರೆಯವರೂ ಇರುತ್ತಾರೆ. ಬೋರ್ಡು ಬರೆಸುವ ಮೊದಲು ಟ್ರೇಡ್‌ಮಾರ್ಕ್ ಪಟ್ಟಿಯಲ್ಲಿ ಹುಡುಕಿಸಿ. ಹಳೆಯ ಬಿಲ್ಲುಗಳಲ್ಲಿ ಅಪ್ಪ ಕೈಯಾರೆ ಬರೆದ ‘ಎಸ್‌ಕೆ’ ಇದ್ದರೆ ಅದನ್ನೇ ಲೋಗೋ ಮಾಡಿಸಿ. ಆ ಬರವಣಿಗೆ ಬೇರೆ ಯಾರ ಹತ್ತಿರವೂ ಇರುವುದಿಲ್ಲ. ನನಗೆ ತುಂಬಾ ಹಿಡಿಸುವ ದಾರಿ ಇದು.

ಇನ್ನು, ನೋಂದಾಯಿತ ಹೆಸರು ಹಾಗೇ ಇರಲಿ. ಬೋರ್ಡು, ವೆಬ್‌ಸೈಟು ಮತ್ತು ಬಿಲ್ಲಿನ ತಲೆಬರಹಕ್ಕೆ ಮಾತ್ರ ಹೊಸದು. ಆಗ ಬ್ಯಾಂಕ್ ಖಾತೆ, ಹಳೆಯ ಕರಾರು ಎರಡನ್ನೂ ಮುಟ್ಟಬೇಕಿಲ್ಲ. ಬಿಲ್ಲಿನಲ್ಲಿ ಹೊಸ ಹೆಸರಿನ ಕೆಳಗೆ ನೋಂದಾಯಿತ ಹೆಸರನ್ನು ಪೂರ್ತಿಯಾಗಿ, ಓದುವಷ್ಟು ದೊಡ್ಡದಾಗಿ ಹಾಕಿ. ಇಲ್ಲದಿದ್ದರೆ ಹಣ ಹೊಸ ಹೆಸರಿಗೆ ಬಂದು ಬ್ಯಾಂಕಿನಲ್ಲಿ ಸಿಕ್ಕಿಕೊಳ್ಳಬಹುದು.

ಎಲ್ಲಕ್ಕಿಂತ ನಾಜೂಕಾದದ್ದು ಸರಕು ಕೊಡುವವರಿಗೆ ಹೇಳುವ ಕೆಲಸ. ಹೊಸ ಬೋರ್ಡು ಕಂಡ ಕೂಡಲೇ ‘ಮಾರಿಬಿಟ್ಟರಂತೆ’ ಎಂಬ ಸುದ್ದಿ ಹಬ್ಬುತ್ತದೆ. ಆದ್ದರಿಂದ ಬೋರ್ಡಿಗಿಂತ ಒಂದು ತಿಂಗಳು ಮೊದಲೇ ಅಪ್ಪನೇ ಫೋನ್ ಮಾಡಿ ಹೇಳಲಿ. ಅವರು ಇಲ್ಲದಿದ್ದರೆ ಮಕ್ಕಳಿಬ್ಬರೂ ಸಹಿ ಹಾಕಿದ ಪತ್ರ ಹೋಗಲಿ. ಮಾಲೀಕರು, ಖಾತೆ, ಉದ್ರಿಯ ಗಡುವು ಮೂರೂ ಮೊದಲಿನಂತೆಯೇ ಎಂದು ಅದರಲ್ಲಿ ಸ್ಪಷ್ಟವಾಗಿರಲಿ. 45 ದಿನ ಉದ್ರಿ ಕೊಡುತ್ತಿದ್ದವರು ಇದ್ದಕ್ಕಿದ್ದಂತೆ ಮುಂಗಡ ಕೇಳಿದರೆ ಸುದ್ದಿ ಅವರಿಗೂ ಮುಟ್ಟಿರಬಹುದು. ಅಂಥವರನ್ನು ಆ ವಾರವೇ ಹೋಗಿ ಕಾಣಿ.

ಮೊದಲ ವರ್ಷ ಎರಡೂ ಹೆಸರು ಒಟ್ಟಿಗಿರಲಿ. ಆಮೇಲೆ ಹಳೆಯದು ಸಣ್ಣ ಅಕ್ಷರಕ್ಕೆ ಇಳಿಯಲಿ, ಆದರೆ ಪೂರ್ತಿ ಮಾಯವಾಗಬಾರದು. ಹಳೆಯ ಹೆಸರಿಗೂ ಟ್ರೇಡ್‌ಮಾರ್ಕ್ ಮಾಡಿಸಿ, ಬಿಲ್ಲಿನಲ್ಲೋ ಒಂದು ಬಗೆಯ ಸರಕಿನ ಮೇಲೋ ಬಳಸುತ್ತಲೇ ಇರಿ. ಹಲವು ದೇಶಗಳಲ್ಲಿ ಕೆಲವು ವರ್ಷ ಬಳಸದ ಗುರುತನ್ನು ಪಟ್ಟಿಯಿಂದ ತೆಗೆಸಲು ಯಾರು ಬೇಕಾದರೂ ಅರ್ಜಿ ಹಾಕಬಹುದು. ಆಮೇಲೆ ಅಪ್ಪನ ಹೆಸರಿನಲ್ಲಿ ಬೇರೆಯವರು ಪೈಪು ಮಾರಲು ಬಂದರೆ ತಡೆಯುವುದು ಕಷ್ಟ.