ಡೆಂಗಿ: ಜ್ವರ ಬಿಟ್ಟ ಮೇಲೆ ಪ್ಲೇಟ್ಲೆಟ್ ನೋಡುವುದೋ, ರೋಗಿಯನ್ನು ನೋಡುವುದೋ?

ಮಳೆಗಾಲ ಶುರುವಾದರೆ ಕಲಬುರಗಿಯ ವಾರ್ಡುಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: "ಡಾಕ್ಟರ್ರೀ, ಪ್ಲೇಟ್ಲೆಟ್ ಎಷ್ಟ್ ಬಂತ್ರೀ?" ಆಳಂದದಿಂದ ಬಂದವರಿರಲಿ, ಜೇವರ್ಗಿಯಿಂದ ಬಂದವರಿರಲಿ, ಸಂಖ್ಯೆ 50 ಸಾವಿರಕ್ಕೆ ಇಳಿದ ಕೂಡಲೇ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಗಾಡಿ ಮಾಡಿಸಲು ಎದ್ದುಬಿಡುತ್ತಾರೆ. ಚೇತರಿಕೆಯ ಹೊತ್ತಿನಲ್ಲಿ ರಕ್ತಸ್ರಾವದ ಅಪಾಯ ತೂಗುವಾಗ ನಾವು ಆ ಸಂಖ್ಯೆಗೆ ಕೊಡುವ ಬೆಲೆ ಅವರು ಅಂದುಕೊಂಡಿದ್ದಕ್ಕಿಂತ ಬಹಳ ಕಡಿಮೆ. ಕಾರಣ ತಿಳಿಯಬೇಕಾದರೆ ರಕ್ತ ಹೆಪ್ಪುಗಟ್ಟಿಸುವ ಈ ಪ್ಲೇಟ್ಲೆಟ್ ಕಣಗಳು ಎಲ್ಲಿ ಹೋಗುತ್ತವೆ ಎಂಬುದನ್ನು ಮೊದಲು ನೋಡಬೇಕು.

ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಪ್ಲೇಟ್ಲೆಟ್ ಇರುತ್ತವೆ. ಒಂದೊಂದರ ಆಯಸ್ಸು ಎಂಟು-ಹತ್ತು ದಿನ. ಜ್ವರದ ಮೊದಲ ದಿನಗಳಲ್ಲಿ ವೈರಸ್ಸು ಅವು ಹುಟ್ಟುವ ಅಸ್ಥಿಮಜ್ಜೆಯ ಕೆಲಸವನ್ನೇ ಮಂದ ಮಾಡುತ್ತದೆ. ನಾಲ್ಕೈದನೆಯ ದಿನದ ಹೊತ್ತಿಗೆ ದೇಹ ವೈರಸ್ಸಿನ ವಿರುದ್ಧ ತಯಾರಿಸಿದ ಪ್ರತಿಕಾಯಗಳಲ್ಲಿ ಕೆಲವು ಪ್ಲೇಟ್ಲೆಟ್‌ಗಳಿಗೂ ಅಂಟಿಕೊಳ್ಳುತ್ತವೆ. ಹಾಗೆ ಗುರುತು ಬಿದ್ದವನ್ನು ಗುಲ್ಮ ಮತ್ತು ಯಕೃತ್ತು ರಕ್ತದಿಂದ ತೆಗೆದುಹಾಕುತ್ತವೆ. ಇನ್ನಷ್ಟು ಪ್ಲೇಟ್ಲೆಟ್ ರಕ್ತನಾಳದ ಒಳಗೋಡೆಗೆ ಅಂಟಿ ಖರ್ಚಾಗುತ್ತವೆ. ಹೀಗೆ ಉತ್ಪಾದನೆ ಕಡಿಮೆ, ನಾಶ ಜಾಸ್ತಿ ಆಗಿ, ಜ್ವರ ಬಿಡುವ ಹೊತ್ತಿಗೋ ಅದಾದ ಒಂದೆರಡು ದಿನಕ್ಕೋ ಸಂಖ್ಯೆ ತಳ ಮುಟ್ಟುತ್ತದೆ. ಏಳೆಂಟನೆಯ ದಿನದಿಂದ ಮಜ್ಜೆ ಎಚ್ಚೆತ್ತು ತಾನಾಗಿಯೇ ಏರುತ್ತದೆ. ಪಪ್ಪಾಯಿ ಎಲೆಯ ರಸ ಕುಡಿಸಿದ ಮರುದಿನ ಏರಿತು ಎನ್ನುವವರು ಬಹಳ ಮಂದಿ. ರಸ ಕುಡಿಸಲು ಶುರುಮಾಡುವುದೂ ಸಾಮಾನ್ಯವಾಗಿ ಆರನೆಯ ದಿನವೇ.

ರೋಗಿಯನ್ನು ನಿಜವಾಗಿ ಕೆಡಿಸುವುದು ರಕ್ತನಾಳದ ಸೋರಿಕೆ. ಜ್ವರ ಬಿಟ್ಟ ನಂತರದ 24ರಿಂದ 48 ಗಂಟೆ ರಕ್ತದ ನೀರಿನಂಶ ನಾಳದಿಂದ ಹೊಟ್ಟೆಗೆ, ಎದೆಗೂಡಿಗೆ ಸೋರುತ್ತದೆ. ಒಳಗಿನ ರಕ್ತ ಗಟ್ಟಿಯಾಗಿ ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪುಕಣಗಳ ಶೇಕಡಾವಾರು ಪಾಲು, ಏರುತ್ತದೆ. ಸೋರಿಕೆಯನ್ನು ಗುರುತಿಸದೆ ರೋಗಿ ಬಹಳ ಹೊತ್ತು ರಕ್ತಸಂಚಾರ ಕುಸಿದ ಶಾಕ್‌ನಲ್ಲಿ ಉಳಿದರೆ ಹೊಟ್ಟೆ-ಕರುಳಿಗೆ ರಕ್ತ ಸಾಲದೆ ಒಳಪದರ ಕೆಡುತ್ತದೆ, ಹೆಪ್ಪುಗಟ್ಟಿಸುವ ಅಂಶಗಳೂ ಬರಿದಾಗುತ್ತವೆ. ಡೆಂಗಿಯ ದೊಡ್ಡ ರಕ್ತಸ್ರಾವಗಳಲ್ಲಿ ಹೆಚ್ಚಿನವು ಈ ದಾರಿಯಲ್ಲೇ ಬರುತ್ತವೆ. ಬರೀ ಪ್ಲೇಟ್ಲೆಟ್ ಕಡಿಮೆಯಾದವರಲ್ಲಿ ಕಾಣುವುದು ಸಾಮಾನ್ಯವಾಗಿ ಚರ್ಮದ ಮೇಲಿನ ಕೆಂಪು ಚುಕ್ಕೆ, ವಸಡಿನಲ್ಲಿ ಸ್ವಲ್ಪ ರಕ್ತ, ಅಷ್ಟೇ.

ಎರಡು ಹಾಸಿಗೆಗಳ ಲೆಕ್ಕ ಇಟ್ಟು ನೋಡೋಣ. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ಮಾದರಿಗಳು ಇವು.

ಮೊದಲ ರೋಗಿ 34ರ ಗಂಡಸು. ಮೂರನೆಯ ದಿನ ಪ್ಲೇಟ್ಲೆಟ್ 1,30,000, ಪಿಸಿವಿ 39. ಐದನೆಯ ದಿನ ಜ್ವರ ಬಿಟ್ಟಿತು. ಪ್ಲೇಟ್ಲೆಟ್ 48,000, ಪಿಸಿವಿ 47. ಮೊದಲಿಗಿಂತ ಶೇ. 20ರಷ್ಟು ಏರಿಕೆ, ಅಂದರೆ ಸೋರಿಕೆ ಇದೆ. ಸಲೈನ್ ಅಳೆದು ಕೊಟ್ಟು, ಗಂಟೆಗಂಟೆಗೆ ನಾಡಿ, ಬಿಪಿ, ಮೂತ್ರ ಬರೆದಿಟ್ಟೆವು. ಏಳನೆಯ ದಿನ ಪ್ಲೇಟ್ಲೆಟ್ 16,000. ಮನೆಯವರ ಮುಖ ಬಿಳಿಚಿಕೊಂಡಿತು. ಆದರೆ ಪಿಸಿವಿ 40ಕ್ಕೆ ಇಳಿದಿತ್ತು, ನಾಡಿ 64, ಬಿಪಿ 116/74, ಮೂತ್ರ ಧಾರಾಳ, ಬಿಳಿಕಣ 2,100ರಿಂದ 4,600ಕ್ಕೆ ಏರಿತ್ತು. ಅಂಗೈ-ಅಂಗಾಲು ಕಡಿತ, ಕಾಲ ಮೇಲೆ ಕೆಂಪು ಹರಡಿ ನಡುನಡುವೆ ಬಿಳಿ ಮಚ್ಚೆ. ರೊಟ್ಟಿ ಕೊಡ್ರಿ ಅಂತ ಕೇಳಿದ. ಇದು ಚೇತರಿಕೆ. ಸೋರಿದ ನೀರು ನಾಳಕ್ಕೆ ವಾಪಸು ಬಂದು ರಕ್ತ ತೆಳುವಾಗಿ ಪಿಸಿವಿ ಇಳಿದಿದೆ. ಬಿಳಿಕಣ ಮೊದಲು ಏರುತ್ತವೆ, ಪ್ಲೇಟ್ಲೆಟ್ ಆಮೇಲೆ. ಇಲ್ಲಿ ಮಾಡಬೇಕಾದ ಕೆಲಸ ಸಲೈನ್ ನಿಲ್ಲಿಸುವುದು. ಹಾಕುತ್ತಲೇ ಇದ್ದರೆ ನೀರು ಶ್ವಾಸಕೋಶದಲ್ಲಿ ತುಂಬಿ ಉಬ್ಬಸ ಬರುತ್ತದೆ. ಎಂಟನೆಯ ದಿನ 31,000, ಒಂಬತ್ತನೆಯ ದಿನ 72,000. ಒಂದು ಬಾಟಲಿ ಪ್ಲೇಟ್ಲೆಟ್ ಕೂಡ ಏರಿಸಲಿಲ್ಲ.

ಪಕ್ಕದ ಹಾಸಿಗೆಯಲ್ಲಿ ಅದೇ ವಯಸ್ಸಿನ ಹೆಣ್ಣುಮಗಳು. ಆರನೆಯ ದಿನ ಪ್ಲೇಟ್ಲೆಟ್ 46,000, ಅಂದರೆ ಗಂಡಸಿನ 16,000ದ ಹೆಚ್ಚೂಕಡಿಮೆ ಮೂರು ಪಟ್ಟು. ಪಿಸಿವಿ ಹಿಂದಿನ ಸಂಜೆಯ 45ರಿಂದ 36ಕ್ಕೆ ಇಳಿದಿದೆ. ಸಂಖ್ಯೆ ಮಾತ್ರ ನೋಡಿದರೆ ಇದೂ ಚೇತರಿಕೆಯೇ ಅನಿಸಬಹುದು. ಆದರೆ ನಾಡಿ 118, ಬಿಪಿ 100/80, ಅಂದರೆ ಮೇಲಿನ-ಕೆಳಗಿನ ಅಂಕೆಗಳ ಅಂತರ 20 ಮಾತ್ರ, ಇದು ಶಾಕ್ ಲಕ್ಷಣ. ಕೈಕಾಲು ತಣ್ಣಗೆ, ಮಾತು ಬೇಡವೆಂಬಂತೆ ಮಗ್ಗಲು ಬದಲಿಸುತ್ತಾಳೆ, ಹೊಟ್ಟೆನೋವು. ಮೈಕೈ ನೋವಿಗೆ ಊರಲ್ಲಿ, ಹೊಟ್ಟೆಯಲ್ಲಿ ರಕ್ತಸ್ರಾವ ತರಬಲ್ಲ ಡೈಕ್ಲೋಫೆನಾಕ್ ಇಂಜೆಕ್ಷನ್ ಚುಚ್ಚಿಸಿಕೊಂಡಿದ್ದಾಳೆ. ಪಿಸಿವಿ ಇಳಿಯುವಾಗ ನಾಡಿ ನಿಧಾನವಾದರೆ ನೀರು ವಾಪಸು ಬರುತ್ತಿದೆ. ನಾಡಿ ಓಡಿದರೆ ಒಳಗೆಲ್ಲೋ ರಕ್ತ ಹೋಗುತ್ತಿದೆ. ಮಲ ಡಾಂಬರಿನಂತೆ ಕಪ್ಪಾಗಿ, ಜಿಗುಟಾಗಿ, ಕೆಟ್ಟ ವಾಸನೆಯಿತ್ತು. ಕಬ್ಬಿಣಾಂಶದ ಮಾತ್ರೆ ನುಂಗುವವರ ಮಲವೂ ಕಪ್ಪೇ, ಆದರೆ ಗಟ್ಟಿ, ಸ್ವಲ್ಪ ಹಸಿರು ಛಾಯೆ, ಆ ವಾಸನೆ ಇರದು. ಇಲ್ಲಿ ಮೊದಲು ಬೇಕಾದದ್ದು ಕೆಂಪು ರಕ್ತ: ಪ್ಯಾಕ್ಡ್ ಸೆಲ್ಸ್ ಕೆ.ಜಿ.ಗೆ 5ರಿಂದ 10 ಮಿ.ಲೀ. ರಕ್ತಸ್ರಾವ ನಿಲ್ಲದಿದ್ದರೆ ಜೊತೆಗೆ ಪ್ಲೇಟ್ಲೆಟ್.

ಸುಮ್ಮನೆ ಮುಂಜಾಗ್ರತೆಗೆಂದು ಪ್ಲೇಟ್ಲೆಟ್ ಏರಿಸುವುದರಿಂದ ಲಾಭ ಕಡಿಮೆ, ಏಕೆಂದರೆ ಹೊರಗಿನಿಂದ ಬಂದ ಪ್ಲೇಟ್ಲೆಟ್‌ಗಳಿಗೂ ಅದೇ ಗತಿ. ಎಷ್ಟೋ ಬಾರಿ ಕೆಲವೇ ಗಂಟೆಗಳಲ್ಲಿ ಕಾಣೆಯಾಗುತ್ತವೆ. ಸಿಂಗಪುರ ಮತ್ತು ಮಲೇಷ್ಯಾದಲ್ಲಿ ಪ್ಲೇಟ್ಲೆಟ್ 20,000ಕ್ಕಿಂತ ಹೆಚ್ಚಿಲ್ಲದ ವಯಸ್ಕರ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹಾಗೆ ಏರಿಸಿದವರಲ್ಲಿ ರಕ್ತಸ್ರಾವ ಕಡಿಮೆಯಾಗಲಿಲ್ಲ, ಅಡ್ಡಪರಿಣಾಮ ಹೆಚ್ಚಾದವು. ನಮ್ಮ ರಾಷ್ಟ್ರೀಯ ಮಾರ್ಗಸೂಚಿ ರಕ್ತಸ್ರಾವ ಇಲ್ಲದವರಿಗೆ 10,000ಕ್ಕಿಂತ ಕೆಳಗಿಳಿದಾಗ ಮಾತ್ರ ಯೋಚಿಸಬಹುದು ಎನ್ನುತ್ತದೆ. ಬಿಪಿ ಹೆಚ್ಚಿರುವವರು, ಹೊಟ್ಟೆಹುಣ್ಣು ಇರುವವರು, ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್ ನುಂಗುವವರು, ಮುಟ್ಟಾದವರು, ಇವರನ್ನು ಮಾತ್ರ ಬೇರೆ ತೂಕದಲ್ಲಿ ನೋಡುತ್ತೇವೆ.

ಲ್ಯಾಬಿನ ಅಂಕೆಯನ್ನೂ ಕಣ್ಣುಮುಚ್ಚಿ ಒಪ್ಪುವಂತಿಲ್ಲ. ರಕ್ತ ತೆಗೆಯಲು ತಡಕಾಡಿದರೆ, ಟ್ಯೂಬನ್ನು ಸರಿಯಾಗಿ ಅಲುಗಿಸದಿದ್ದರೆ ಪ್ಲೇಟ್ಲೆಟ್ ಗುಂಪುಗಟ್ಟಿ ಯಂತ್ರ ಕಡಿಮೆ ಎಣಿಸುತ್ತದೆ. ಬೆಳಿಗ್ಗೆ 60,000, ಮಧ್ಯಾಹ್ನ ಬೇರೆ ಲ್ಯಾಬಿನಲ್ಲಿ 22,000 ಬಂದರೆ ಮೊದಲು ಗಾಜಿನ ಮೇಲೆ ರಕ್ತ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡಲು ಹೇಳುತ್ತೇವೆ. ಒಬ್ಬ ರೋಗಿಯ ಎಲ್ಲ ಪರೀಕ್ಷೆಯೂ ಒಂದೇ ಲ್ಯಾಬಿನಲ್ಲಿ ಆಗುವುದು ಒಳ್ಳೆಯದು.

ಜ್ವರದ ಗುಳಿಗೆ ಇಲ್ಲದೆ ಕನಿಷ್ಠ ಒಂದೆರಡು ದಿನ ಜ್ವರ ಬಾರದೆ, ಊಟ ಸೇರಿ, ಮೂತ್ರ ಚೆನ್ನಾಗಿ ಹೋಗಿ, ಸಲೈನ್ ಇಲ್ಲದೆ ಪಿಸಿವಿ ನಿಂತಿದ್ದು, ಪ್ಲೇಟ್ಲೆಟ್ 50,000 ದಾಟಿ ಏರುತ್ತಿದ್ದರೆ ಮನೆಗೆ ಕಳಿಸುತ್ತೇವೆ. ಮನೆಗೆ ಹೋದ ಮೇಲೂ ನೋವಿಗೆ ಪ್ಯಾರಾಸಿಟಮಾಲ್ ಮಾತ್ರ. ಕುಂಡಿಗೆ ಇಂಜೆಕ್ಷನ್, ಹಲ್ಲು ಕೀಳಿಸುವುದು ಸಂಖ್ಯೆ ಲಕ್ಷ ದಾಟುವವರೆಗೆ ಬೇಡ. ಹೃದಯಕ್ಕೆಂದು ಆಸ್ಪಿರಿನ್ ನಿಲ್ಲಿಸಿದವರು ಅದನ್ನು ಯಾವತ್ತಿನಿಂದ ಮತ್ತೆ ಶುರುಮಾಡಬೇಕೆಂದು ಚೀಟಿಯಲ್ಲಿ ಬರೆಸಿಕೊಂಡು ಹೋಗಬೇಕು.