ಇಂಗ್ಲೆಂಡಿನಲ್ಲಿ ಅಂಗದಾನದ ಘೋಷಣೆ: ಕನ್ನಡದಲ್ಲಿ ಬರೆಯುವ ಮುಂಚೆ

ಸೆಪ್ಟೆಂಬರ್ ಬಂತೆಂದರೆ ಇಲ್ಲಿ ಅಂಗದಾನ ವಾರ ನಡೆಯುತ್ತದೆ, ಕನ್ನಡ ಸಂಘದವರಿಗೂ ಒಂದು ಮೇಜು ಹಾಕಿ ಪೋಸ್ಟರ್ ಅಂಟಿಸುವ ಆಸೆ ಬರುತ್ತದೆ. ಒಳ್ಳೆಯದೇ. ಆದರೆ ಇಲ್ಲಿನ ಕಾನೂನು ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿಲ್ಲದೆ ಬರೆದ ಘೋಷಣೆ ಜನರನ್ನು ದಾರಿ ತಪ್ಪಿಸುತ್ತದೆ, ಕೆಲವೊಮ್ಮೆ ನೋಯಿಸುತ್ತದೆ ಕೂಡ.

ಇಂಗ್ಲೆಂಡಿನಲ್ಲಿ 2020ರ ಮೇ 20ರಿಂದ ನಿಯಮ ಬದಲಾಗಿದೆ. ನೀವು 'ಬೇಡ' ಅಂತ ದಾಖಲಿಸದಿದ್ದರೆ, ಒಪ್ಪಿದ್ದೀರಿ ಅಂತಲೇ ಲೆಕ್ಕ. ವೇಲ್ಸ್‌ನಲ್ಲಿ ಇದು 2015ರಲ್ಲೇ ಬಂತು. ಹದಿನೆಂಟು ತುಂಬದವರಿಗೆ ಈ ಲೆಕ್ಕ ಇಲ್ಲ. ಇಂಗ್ಲೆಂಡಿಗೆ ಬಂದು ಹನ್ನೆರಡು ತಿಂಗಳಾಗದವರಿಗೂ ಇಲ್ಲ, ಊರಿಂದ ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮನಿಗೂ ಇಲ್ಲ.

ಇಷ್ಟು ಕೇಳಿದವರು "ಹಾಗಾದರೆ ಎಲ್ಲಾ ತಾನಾಗಿಯೇ ಆಗುತ್ತೆ ಅಲ್ವಾ?" ಅನ್ನುತ್ತಾರೆ. ಆಗುವುದಿಲ್ಲ. ಸಾವು ಖಚಿತವಾದಾಗ ಅಥವಾ ಇನ್ನು ಉಳಿಯುವುದಿಲ್ಲ ಅಂತ ಗೊತ್ತಾದಾಗ, ಅಂಗದಾನಕ್ಕೆಂದೇ ತರಬೇತಿ ಪಡೆದ ನರ್ಸ್ ಒಬ್ಬರು ಬಂದು ಮನೆಯವರ ಪಕ್ಕ ಕೂರುತ್ತಾರೆ. ರೋಗಿಯ ಆಸೆ ಏನಿತ್ತು ಅಂತ ಕೇಳುತ್ತಾರೆ. ಮನೆಯವರು ಒಪ್ಪದಿದ್ದರೆ ಬಲವಂತದಿಂದ ಮುಂದೆ ಹೋಗುವುದಿಲ್ಲ. ಐಸಿಯು ಪಕ್ಕದ ಆ ಚಿಕ್ಕ ಕೋಣೆಯಲ್ಲಿ, ನಿದ್ದೆಗೆಟ್ಟ ಹೆಂಡತಿಗೋ ಮಗನಿಗೋ "ಅವರು ಯಾವತ್ತೂ ಈ ಬಗ್ಗೆ ಮಾತಾಡಲೇ ಇಲ್ಲ" ಅನ್ನುವುದು ಬಿಟ್ಟು ಬೇರೇನೂ ತೋಚದಿದ್ದರೆ, 'ಬೇಡ' ಅನ್ನುವುದೇ ಸುಲಭ. ಅವರ ತಪ್ಪೇನಿಲ್ಲ.

ಎನ್‌ಎಚ್‌ಎಸ್‌ನ ಘೋಷಣೆಗಳಲ್ಲಿ ನನಗೆ ತುಂಬಾ ಹಿಡಿಸಿದ್ದು 'ಲೀವ್ ದೆಮ್ ಸರ್ಟನ್'. ದೇಹದ ಮಾತಿಲ್ಲ, ಪುಣ್ಯದ ಮಾತಿಲ್ಲ. ನಿಮ್ಮವರನ್ನು ಗೊಂದಲದಲ್ಲಿ ಬಿಟ್ಟು ಹೋಗಬೇಡಿ ಅನ್ನುತ್ತದೆ, ಅಷ್ಟೇ. 'ಬೇಡ' ಅನ್ನುವವರಿಗೂ ಅದು ಹೊಂದುತ್ತದೆ.

ಈಗ ನಮ್ಮ ಪೋಸ್ಟರಿಗೆ ಬನ್ನಿ. ನಾವು ಮೊದಲು ಬರೆದದ್ದು 'ಮಣ್ಣಾಗುವ ದೇಹ, ಇನ್ನೊಬ್ಬರಿಗೆ ಜೀವ'. ಪ್ರಾಸ ಚೆನ್ನಾಗಿದೆ ಅನಿಸಿತ್ತು. ಆದರೆ ಆರು ತಿಂಗಳ ಹಿಂದೆ ಗಂಡನನ್ನು ಕಳೆದುಕೊಂಡ ಅಕ್ಕ ಒಬ್ಬರು ಅದನ್ನು ಓದಿ ಸುಮ್ನೆ ಎದ್ದು ಹೋದರು. ಅವರಿಗೆ ಅದು ಮಣ್ಣಾಗುವ ದೇಹ ಅಲ್ಲ, ಅವರ ಗಂಡ. ಆ ಸಾಲು ತೆಗೆದೆವು. 'ಕೊಡದೆ ಹೋದರೆ ಏನು ಸಾರ್ಥಕ' ಅನ್ನುವುದನ್ನೂ ತೆಗೆದೆವು, ಹಿಂದೊಮ್ಮೆ 'ಬೇಡ' ಅಂದ ಮನೆಯವರಿಗೆ ಅದು ಚುಚ್ಚುತ್ತದೆ. ಕೊನೆಗೆ ಹೀಗೆ ಬರೆದೆವು: 'ಹೌದೋ ಬೇಡವೋ, ಊಟಕ್ಕೆ ಕೂತಾಗ ಮನೆಯವರಿಗೆ ಹೇಳಿಬಿಡಿ'. ಅದನ್ನು ಓದಿ ಜಗಳಕ್ಕೆ ಬಂದವರು ಯಾರೂ ಇಲ್ಲ, ಪ್ರಶ್ನೆ ಕೇಳಲು ನಿಂತವರು ಜಾಸ್ತಿ.

ಹಿರಿಯರ ಪ್ರಶ್ನೆ ಬಹುಪಾಲು ಕಣ್ಣಿನದು. ರಾಜ್‌ಕುಮಾರ್, ಪುನೀತ್ ಇಬ್ಬರ ನೇತ್ರದಾನ ಎಲ್ಲರಿಗೂ ನೆನಪಿದೆ. ಆದರೂ ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡಾಗಿ ಹುಟ್ಟುತ್ತೇವೆ ಅನ್ನುವ ಹೆದರಿಕೆ ಕೆಲವರಿಗೆ ಇದ್ದೇ ಇದೆ. ಅದನ್ನು ಮೂಢನಂಬಿಕೆ ಅಂದರೆ ಮಾತು ಅಲ್ಲಿಗೆ ಮುಗಿಯಿತು. ಇಲ್ಲಿನ ದಾಖಲೆಯಲ್ಲಿ ಯಾವ ಅಂಗ ಕೊಡುತ್ತೀರಿ ಅಂತ ಒಂದೊಂದಾಗಿ ಆರಿಸಬಹುದು ಅಂತ ಹೇಳಿ, ಕಾರ್ನಿಯಾ ಬಿಟ್ಟು ಕಿಡ್ನಿ, ಲಿವರ್ ಮಾತ್ರ ಆರಿಸಿದರೂ ನಡೆಯುತ್ತದೆ. ನಮ್ಮ ಎರಡನೇ ಘೋಷಣೆ ಅದರಿಂದಲೇ ಹುಟ್ಟಿತು: 'ಎಷ್ಟು ಕೊಡಬೇಕು ಅನ್ನುವುದೂ ನಿಮ್ಮದೇ ಇಷ್ಟ'.

ಇನ್ನೊಂದು ಚಿಂತೆ ಶಾಸ್ತ್ರದ್ದು. ನೋಂದಣಿಯಲ್ಲಿ ಒಂದು ಪ್ರಶ್ನೆ ಇದೆ: ನಿಮ್ಮ ಧರ್ಮ, ನಂಬಿಕೆಗೆ ತಕ್ಕಂತೆ ದಾನ ಹೇಗೆ ನಡೆಯಬೇಕು ಅಂತ ಸಿಬ್ಬಂದಿ ಮನೆಯವರ ಜೊತೆ ಮಾತಾಡಬೇಕೇ? 'ಹೌದು' ಅಂತ ಗುರುತು ಹಾಕಿ. ಬಾಯಿಗೆ ತುಳಸಿ ನೀರು ಬಿಡುವುದಿರಲಿ, ಲಿಂಗಾಯತರ ಮನೆಯಲ್ಲಿ ಕೊರಳಿನ ಲಿಂಗದ ಮಾತಿರಲಿ, ಮುಸ್ಲಿಮರ ಮನೆಯಲ್ಲಿ ಬೇಗ ದಫನ್ ಆಗಬೇಕು ಅನ್ನುವುದಿರಲಿ, ನರ್ಸ್ ಹತ್ತಿರ ಮೊದಲೇ ಹೇಳಬೇಕು. ಬೇರೆ ಯಾವುದೇ ಆಪರೇಷನ್ ಹಾಗೆ ಹೊಲಿಗೆ ಹಾಕಿ, ಡ್ರೆಸ್ಸಿಂಗ್ ಮಾಡಿ ದೇಹ ಕೊಡುತ್ತಾರೆ, ಮುಖ ನೋಡಲು ಅಡ್ಡಿಯಿಲ್ಲ. ಆದರೆ 'ಸ್ವಲ್ಪವೂ ತಡ ಆಗಲ್ಲ' ಅಂತ ಪೋಸ್ಟರಿನಲ್ಲಿ ಬರೆಯಬೇಡಿ. ಪರೀಕ್ಷೆಗಳು, ಅಂಗ ಪಡೆಯುವವರ ಹುಡುಕಾಟ, ಆಪರೇಷನ್ ಎಲ್ಲಾ ಸೇರಿ ಒಂದು ದಿನವೇ ಹಿಡಿಯಬಹುದು. ದೇಹಕ್ಕಾಗಿ ಕಾಯುತ್ತಿರುವ ಮನೆಯವರಿಗೆ ಅದು ಮೊದಲೇ ಗೊತ್ತಿರಬೇಕು.

'ಒಬ್ಬರಿಂದ ಎಂಟು ಜೀವ' ಅನ್ನುವ ಸಾಲನ್ನೂ ನಾನು ಬಳಸುವುದಿಲ್ಲ. ಇಲ್ಲಿ ಸಾಯುವ ನೂರು ಜನರಲ್ಲಿ ಸುಮಾರು ಒಬ್ಬರಿಗೆ ಮಾತ್ರ ಅಂಗದಾನ ಸಾಧ್ಯವಾಗುತ್ತದೆ, ಯಾಕೆಂದರೆ ಹೆಚ್ಚಾಗಿ ಐಸಿಯುವಿನಲ್ಲೋ ಎಮರ್ಜೆನ್ಸಿಯಲ್ಲೋ ಸಾವು ಆಗಿರಬೇಕು. ಮನಸಾರೆ ಒಪ್ಪಿದ ಮನೆಯವರಿಗೆ 'ಆಗಲಿಲ್ಲ' ಅಂದಾಗ ಆ ಎಂಟರ ಲೆಕ್ಕ ಎರಡನೇ ನಷ್ಟವಾಗಿ ಕಾಡುತ್ತದೆ.

ನೋಂದಣಿ organdonation.nhs.uk ನಲ್ಲಿ, ಅಥವಾ ಎನ್‌ಎಚ್‌ಎಸ್ ಆಪ್‌ನಲ್ಲಿ. 'ಬೇಡ' ಅನ್ನುವುದನ್ನೂ ಅಲ್ಲೇ ದಾಖಲಿಸಬಹುದು, ಆಮೇಲೆ ಮನಸ್ಸು ಬದಲಾದರೆ ತಿದ್ದಬಹುದು. ನಿಮ್ಮ ಹತ್ತಿರದವರು ಮೈಸೂರಿನಲ್ಲೋ ಧಾರವಾಡದಲ್ಲೋ ಇದ್ದರೆ ಅವರಿಗೂ ಫೋನಿನಲ್ಲಿ ಹೇಳಿಡಿ. ಅಲ್ಲಿ ಕಾನೂನು ಬೇರೆ, ಮನೆಯವರು ಒಪ್ಪಿ ಸಹಿ ಹಾಕಿದರೆ ಮಾತ್ರ ದಾನ. ಹಾಗಾಗಿ ಇಲ್ಲಿನ ನರ್ಸ್ ಅವರ ಜೊತೆ ಮಾತಾಡಿದಾಗ 'ನಮ್ಮನ್ನು ಕೇಳದೆ ತೀರ್ಮಾನ ಮಾಡಿಬಿಟ್ಟರಾ' ಅಂತ ಅವರು ಗಾಬರಿಯಾಗುವುದು ಸಹಜ.