ಇಟಿಜಿ ಜೊತೆ ಇಟಿಎಸ್: ಸ್ಯಾನಿಟೈಸರ್ ಯಾವುದು, ಪೆಗ್ ಯಾವುದು?

ನಮ್ಮ ಲ್ಯಾಬ್ ಬೆಂಗಳೂರಿನಲ್ಲಿದೆ, ಸಣ್ಣದು. ವ್ಯಸನಮುಕ್ತಿ ಕೇಂದ್ರಗಳಿಂದ, ಲಿವರ್ ಕಸಿಗೆ ಕಾಯುತ್ತಿರುವವರಿಂದ ಮೂತ್ರದ ಸ್ಯಾಂಪಲ್ ಬರುತ್ತವೆ. ಅವರು ಕುಡಿದಿದ್ದಾರೋ ಇಲ್ಲವೋ ಅಂತ ನೋಡಬೇಕು. ಆಲ್ಕೋಹಾಲ್‌ನಿಂದ ದೇಹದಲ್ಲಿ ಹುಟ್ಟಿ ಮೂತ್ರಕ್ಕೆ ಬರುವ ಎರಡು ವಸ್ತುಗಳು ಇಟಿಜಿ ಅಂದರೆ ಈಥೈಲ್ ಗ್ಲುಕುರೊನೈಡ್, ಇಟಿಎಸ್ ಅಂದರೆ ಈಥೈಲ್ ಸಲ್ಫೇಟ್. ಮೊದಲು ಎಲ್ಲವನ್ನೂ ಇಟಿಜಿ ಸ್ಟ್ರಿಪ್‌ನಲ್ಲೇ ನೋಡುತ್ತಿದ್ದೆವು. ಇಟಿಜಿ ಜೊತೆ ಇಟಿಎಸ್ ಕೂಡ, ವಸ್ತುಗಳನ್ನು ಬೇರ್ಪಡಿಸಿ ಅಣುವಿನ ತೂಕದಿಂದ ಗುರುತಿಸುವ ಎಲ್‌ಸಿ-ಎಂಎಸ್ ಯಂತ್ರದಲ್ಲಿ ಅಳೆಯೋಣ ಅಂದಾಗ ನಮ್ಮ ಮಾಲೀಕರು ನಕ್ಕರು. "ನೂರಿನ್ನೂರು ರೂಪಾಯಿಯ ಸ್ಟ್ರಿಪ್ ಇರುವಾಗ ಇದ್ಯಾಕ್ರೀ?" ಈಗ ಅವರೇ ಬೇರೆ ಲ್ಯಾಬ್‌ನವರಿಗೆ ಇದನ್ನು ತೋರಿಸುತ್ತಾರೆ.

ಶುರುವಿನಲ್ಲಿ ದುಡ್ಡು ನೀರಿನಂತೆ ಹೋಯಿತು. ಹೋಲಿಸಿ ಅಳೆಯಲು ಬೇಕಾದ, ಡ್ಯುಟೀರಿಯಂ ಹಾಕಿದ ಇಂಟರ್ನಲ್ ಸ್ಟ್ಯಾಂಡರ್ಡ್‌ಗಳು ಹೊರದೇಶದಿಂದ ಬರಬೇಕು, ಪುಟ್ಟ ಬಾಟಲಿಗೆ ಹತ್ತಾರು ಸಾವಿರ. ಸಾಲದ್ದಕ್ಕೆ, ವಸ್ತುಗಳನ್ನು ಬೇರ್ಪಡಿಸುವ ಕೊಳವೆಯಾದ ಮಾಮೂಲಿ ಸಿ18 ಕಾಲಂನಲ್ಲಿ ಇಟಿಜಿ, ಇಟಿಎಸ್ ಎರಡೂ ನಿಲ್ಲುವುದೇ ಇಲ್ಲ. ಮೂತ್ರದ ಉಪ್ಪಿನ ಜೊತೆ ಮೊದಲ ನಿಮಿಷದಲ್ಲೇ ಹೊರಗೆ ಬರುತ್ತವೆ, ಸಿಗ್ನಲ್ ಸತ್ತುಹೋಗುತ್ತದೆ. ನೀರಿನಲ್ಲಿ ಕರಗುವ ಇಂಥವನ್ನು ಹಿಡಿದಿಡುವ ಪೋಲಾರ್ ಕಾಲಂ ಹಾಕಿ, ಸ್ಯಾಂಪಲ್ ಅನ್ನು ಸುಮಾರು ಇಪ್ಪತ್ತು ಪಟ್ಟು ತೆಳು ಮಾಡಿದ ಮೇಲೆ ಪೀಕ್ ನೆಟ್ಟಗೆ ನಿಂತಿತು. ಕಾಲಂನಲ್ಲಿ ಹರಿಸುವ ದ್ರಾವಣದ ಬದಲಾವಣೆ, ಅಂದರೆ ಗ್ರೇಡಿಯಂಟ್, ಹೇಗೆ ಇಟ್ಟೆ ಅಂತ ಹೇಳುವುದಿಲ್ಲ, ಅದಕ್ಕೆ ತಿಂಗಳುಗಟ್ಟಲೆ ಕೂತಿದ್ದೇನೆ. ಒಂದು ಸ್ಯಾಂಪಲ್‌ಗೆ ಸಾವಿರ ದಾಟುತ್ತಿದ್ದ ಖರ್ಚು ಈಗ ನಾನೂರರ ಆಸುಪಾಸಿಗೆ ಇಳಿದಿದೆ.

ಮೊದಲ ಪ್ರಯೋಗ ನನ್ನ ಮೇಲೇ. ರಾತ್ರಿ 60 ಮಿಲಿಯ ಎರಡು ಪೆಗ್ ವಿಸ್ಕಿ. ಬೆಳಿಗ್ಗೆ ಉಸಿರಿನ ಯಂತ್ರ ಸೊನ್ನೆ ತೋರಿಸಿತು, ಆದರೆ ಮೂತ್ರದಲ್ಲಿ ಇಟಿಜಿ ಮಿಲಿಗೆ ಹದಿನೈದು ಸಾವಿರ ನ್ಯಾನೋಗ್ರಾಂ ಹತ್ತಿರ ಇತ್ತು. ಕುಡಿದ ಆಲ್ಕೋಹಾಲ್‌ನಲ್ಲಿ ಸಾವಿರಕ್ಕೆ ಒಂದು ಪಾಲೂ ಇಟಿಜಿ ಆಗುವುದಿಲ್ಲ, ಆದರೂ ಆಲ್ಕೋಹಾಲ್ ಖಾಲಿಯಾದ ಮೇಲೂ ಅದು ಉಳಿಯುತ್ತದೆ. ಅದರ ಮರುದಿನ ಬೆಳಿಗ್ಗೆ ಸುಮಾರು ನೂರೈವತ್ತು. 500ರ ಕಟ್‌ಆಫ್ ಇರುವ ಸ್ಟ್ರಿಪ್ ಆಗ ನೆಗೆಟಿವ್ ಅನ್ನುತ್ತದೆ. ಬಾಟಲಿಗಟ್ಟಲೆ ಕುಡಿಯುವವರಲ್ಲಿ ಮೂರು ದಿನವಾದರೂ ಕಾಣುವುದುಂಟು.

ಆಮೇಲೆ ಕುಡಿಯದೇ ಇದ್ದ ವಾರದಲ್ಲಿ ಆಲ್ಕೋಹಾಲ್ ಇರುವ ಮೌತ್‌ವಾಶ್‌ನಿಂದ ದಿನವಿಡೀ ಬಾಯಿ ಮುಕ್ಕಳಿಸಿದೆ. ಇಟಿಜಿ ಬಂದದ್ದು ನೂರರ ಸುತ್ತಮುತ್ತ. ಬಾಯಿಯ ಒಳಪೊರೆಯಿಂದಲೂ ಗೊತ್ತಿಲ್ಲದೆ ನುಂಗಿದ್ದರಿಂದಲೂ ಚೂರು ಒಳಗೆ ಹೋಗುತ್ತದೆ. ಅಂದರೆ ಮೊನ್ನೆಯ ವಿಸ್ಕಿಯೂ ಇವತ್ತಿನ ಮೌತ್‌ವಾಶೂ ಹೆಚ್ಚುಕಡಿಮೆ ಒಂದೇ ಅಂಕಿ! ನೂರರ ಕಟ್‌ಆಫ್ ಇಟ್ಟುಕೊಂಡು ತೀರ್ಪು ಕೊಡುವವರು ಇದನ್ನು ನೋಡಬೇಕಿತ್ತು. ಈಗ ಆಲ್ಕೋಹಾಲ್ ಇಲ್ಲದ ಮೌತ್‌ವಾಶ್‌ಗಳೂ ಸಿಗುತ್ತವೆ, ಲೇಬಲ್ ನೋಡಿ.

ಸ್ಯಾನಿಟೈಸರ್ ಕಥೆ ಇನ್ನೂ ದೊಡ್ಡದು. ಐಸಿಯುನಲ್ಲಿ ಕೆಲಸ ಮಾಡುವ ಒಬ್ಬರು ಬಂದರು, ಗುರುತು ಬಿಟ್ಟಿದ್ದೇನೆ. ಸ್ಟ್ರಿಪ್ ಪಾಸಿಟಿವ್, ಮನೆಯವರಿಗೆ ಆಗಲೇ ಅನುಮಾನ. ಯಂತ್ರದಲ್ಲಿ ಇಟಿಜಿ ಏಳುನೂರು ಚಿಲ್ಲರೆ, ಇಟಿಎಸ್ ಮಾತ್ರ ಇಪ್ಪತ್ತೈದಕ್ಕೂ ಕೆಳಗೆ. ನನ್ನ ವಿಸ್ಕಿ ಸ್ಯಾಂಪಲ್‌ಗಳಲ್ಲಿ ಇಟಿಎಸ್ ಇಟಿಜಿಯ ಕಾಲು ಭಾಗಕ್ಕಿಂತ ಕೆಳಗೆ ಇಳಿದಿರಲಿಲ್ಲ. ಅಮೆರಿಕದಲ್ಲಿ 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ದಿನಕ್ಕೆ ಹತ್ತು ಗಂಟೆ, ಐದೈದು ನಿಮಿಷಕ್ಕೆ ಸ್ಯಾನಿಟೈಸರ್ ಹಚ್ಚಿಸಿದ್ದರು. ಇಟಿಜಿ ಎರಡು ಸಾವಿರದವರೆಗೆ ಏರಿತ್ತು, ಇಟಿಎಸ್ ನೂರನ್ನೂ ಮುಟ್ಟಿರಲಿಲ್ಲ. ಚರ್ಮಕ್ಕಿಂತ ಜಾಸ್ತಿ ಆವಿಯನ್ನು ಉಸಿರಾಡುವುದರಿಂದಲೇ ಇದು ಒಳಗೆ ಹೋಗುತ್ತದೆ ಅನ್ನುತ್ತಾರೆ. ನಮ್ಮ ಐಸಿಯುನವರಿಗೆ ನಾಲ್ಕು ದಿನ ರಜೆ ಹಾಕಿಸಿ, ಬರೀ ಸೋಪು ನೀರು ಬಳಸಿ ಅಂದೆ. ಮರಳಿ ಬಂದ ಸ್ಯಾಂಪಲ್‌ನಲ್ಲಿ ಎರಡೂ ಇಲ್ಲ. ಆದರೆ ಕುಡಿದವರೂ ನಾಲ್ಕು ದಿನ ಬಿಟ್ಟರೆ ಹೀಗೇ ಬರುತ್ತದೆ, ಅಲ್ವಾ? ಹಾಗಾಗಿ ನಾನು ನೆಚ್ಚಿದ್ದು ಮೊದಲ ಸ್ಯಾಂಪಲ್‌ನ ಇಟಿಎಸ್ ಅಂಕಿಯನ್ನು.

ಇಟಿಎಸ್ ಕೂಡ ಕೈಕೊಡುವ ಜಾಗ ಒಂದಿದೆ, ಅದು ನಮ್ಮ ಮನೆಯ ಅರಿಷ್ಟಗಳು. ದಶಮೂಲಾರಿಷ್ಟದಲ್ಲಿ ಹುದುಗಿನಿಂದಲೇ ಆಲ್ಕೋಹಾಲ್ ಹುಟ್ಟುತ್ತದೆ. ದಿನಕ್ಕೆರಡು ಸಲ 30 ಮಿಲಿ ಕುಡಿದು ನೋಡಿದೆ, ಎರಡೂ ಅಂಕಿ ಏರಿದವು. ಅದು ನಿಜವಾಗಿ ಕುಡಿದದ್ದೇ ತಾನೇ? ಅದಕ್ಕೇ ಫಾರಂನಲ್ಲಿ ಔಷಧಿಯ ಬಗ್ಗೆ ಬೇರೆ ಸಾಲು ಹಾಕಿಸಿದ್ದೇನೆ.

ಬಾಟಲಿಯೊಳಗೂ ಆಟ ನಡೆಯುತ್ತದೆ. ಮೂತ್ರದ ಸೋಂಕಿರುವವರ ಸ್ಯಾಂಪಲ್ ಬಿಸಿಲಿನ ದಿನ ಹೊರಗಿಟ್ಟರೆ ಇ. ಕೋಲಿ ಬ್ಯಾಕ್ಟೀರಿಯಾ ಇಟಿಜಿಯನ್ನು ತಿಂದುಹಾಕುತ್ತದೆ, ಇಟಿಎಸ್ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ ಯೀಸ್ಟ್ ಸೇರಿದರೆ ಉಲ್ಟಾ: ಬಾಟಲಿಯಲ್ಲೇ ಆಲ್ಕೋಹಾಲ್ ಹುಟ್ಟಿ, ಜೊತೆಗೆ ಬ್ಯಾಕ್ಟೀರಿಯಾ ಇದ್ದರೆ ಇಟಿಜಿಯೂ ಹುಟ್ಟಬಹುದು. ಹಾಗಾಗಿ ಬಂದ ಕೂಡಲೇ ಫ್ರಿಜ್‌ಗೆ. ಮೂತ್ರ ಎಷ್ಟು ತೆಳುವಾಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಡೆಸಿಲೀಟರ್‌ಗೆ 20 ಮಿಲಿಗ್ರಾಂಗಿಂತ ಕೆಳಗಿದ್ದರೆ ನೀರು ಕುಡಿದು ಬಂದಿದ್ದಾರೆ ಅಂತ ವಾಪಸ್ ಕಳಿಸುತ್ತೇನೆ.

ಈಗ ನನ್ನ ವರದಿಯಲ್ಲಿ 500ರ ಒಳಗಿನ ಇಟಿಜಿಗೆ, ಇಟಿಎಸ್ ಜೊತೆಗಿಲ್ಲದಿದ್ದರೆ, "ಕುಡಿದಿದ್ದಾರೆ" ಅಂತ ಬರೆಯುವುದಿಲ್ಲ. ಡಾಕ್ಟರ್‌ಗಳು ಫೋನ್ ಮಾಡಿ ಒತ್ತಾಯಿಸುತ್ತಾರೆ. ಇನ್ನೊಂದು ಸ್ಯಾಂಪಲ್ ಕಳಿಸಿ ಸಾರ್, ಅನ್ನುತ್ತೇನೆ.